ದಿಢೀರ್ ಮುಷ್ಕರ, ಮುಂದೆ ಹೋದ ಕ್ಲಾಸ್: ಬ್ಯಾಚ್‌ಗೆ ನೋಟಿಸ್ ಬರೆಯುವುದು ಹೇಗೆ?

ಪ್ರಶ್ನೆ: ನಾನು ಚಿಕ್ಕದಾಗಿ ಗಣಿತದ ಕೋಚಿಂಗ್ ಕ್ಲಾಸ್ ನಡೆಸ್ತೀನಿ, ಸಂಜೆ ಬ್ಯಾಚ್‌ನಲ್ಲಿ 36 ಮಕ್ಕಳು. ಹೋದ ಸಲ ಬಸ್ ಮುಷ್ಕರ ಅಂತ ರಾತ್ರೋರಾತ್ರಿ ಗೊತ್ತಾಯ್ತು. ಗ್ರೂಪ್‌ನಲ್ಲಿ ‘ನಾಳೆ ಕ್ಲಾಸ್ ಇಲ್ಲ, ಭಾನುವಾರ ಎಕ್ಸ್‌ಟ್ರಾ ಕ್ಲಾಸ್ ಇರುತ್ತೆ’ ಅಂತ ಹಾಕಿದೆ. ಆದ್ರೂ 9 ಜನ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ರು. ಭಾನುವಾರ ನೋಡಿದ್ರೆ ಬಂದಿದ್ದು 14 ಜನ. ಇಂಥ ನೋಟಿಸ್ ಹೇಗೆ ಬರೀಬೇಕು, ತಪ್ಪಿದ ಕ್ಲಾಸ್ ಹೇಗೆ ತುಂಬಿಸ್ಬೇಕು?

ಉತ್ತರ: ನಿಮ್ಮ ಮೆಸೇಜ್‌ನಲ್ಲಿ ಇದ್ದದ್ದು ಏಳೇ ಪದ. ಅದರಲ್ಲಿ ಮೂರು ಕಡೆ ಕೈಕೊಟ್ಟಿದೆ. ಒಂದು ‘ನಾಳೆ’, ಇನ್ನೊಂದು ‘ಎಕ್ಸ್‌ಟ್ರಾ’, ಮೂರನೆಯದು ಕ್ಲಾಸ್ ಇಲ್ಲ ಅನ್ನುವ ಸುದ್ದಿಯನ್ನೂ ಅದನ್ನು ತುಂಬಿಸುವ ದಿನವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು. ಮೂರನೆಯದೇ ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ‘ನಾಳೆ’. ನಾನು ಕೆಲವು ವರ್ಷ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಟೈಮ್‌ಟೇಬಲ್ ನೋಡಿಕೊಳ್ಳುತ್ತಿದ್ದೆ. ಒಂದು ಸಲ ಬಿರುಗಾಳಿಯ ರಾತ್ರಿ, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ, ನಾಲ್ಕು ಗ್ರೂಪ್‌ಗಳಿಗೆ ‘ನಾಳೆ ಕ್ಲಾಸ್ ಇರುವುದಿಲ್ಲ’ ಅಂತ ಹಾಕಿ ನಿಶ್ಚಿಂತೆಯಿಂದ ಮಲಗಿದೆ. ರಾತ್ರಿಯೇ ಓದಿದವರು ಸರಿಯಾಗಿ ಅರ್ಥ ಮಾಡಿಕೊಂಡರು. ಬೆಳಿಗ್ಗೆ ಎದ್ದು ಓದಿದವರಿಗೆ ‘ನಾಳೆ’ ಅಂದರೆ ಅದರ ಮಾರನೇ ದಿನ. ಅವರು ಅವತ್ತು ಮಳೆಯಲ್ಲೇ ಬಂದರು, ಮಾರನೇ ದಿನ ಕ್ಲಾಸ್ ಇದ್ದಾಗ ಬರಲಿಲ್ಲ. ಬಯ್ಯುವುದಕ್ಕೂ ಬಾಯಿಲ್ಲ, ತಪ್ಪು ನನ್ನದೇ. ಅವತ್ತಿನಿಂದ ನೋಟಿಸ್‌ನಲ್ಲಿ ಇವತ್ತು, ನಾಳೆ, ನಾಡಿದ್ದು, ಮುಂದಿನ ವಾರ ಇವನ್ನೆಲ್ಲ ಬಿಟ್ಟೆ. ವಾರ ಮತ್ತು ತಾರೀಖು ಎರಡನ್ನೂ ಬರೆಯುತ್ತೇನೆ. ಒಂದೇ ಸಾಕಲ್ವಾ ಅಂದರೆ ಸಾಲದು. ಎರಡೂ ಇದ್ದರೆ ನೀವು ತಾರೀಖು ತಪ್ಪಾಗಿ ಹೊಡೆದಿದ್ದರೂ ಯಾರಾದರೂ ಒಬ್ಬರು ‘ಸರ್, 13 ಗುರುವಾರ ಅಲ್ವಾ’ ಅಂತ ಹಿಡಿಯುತ್ತಾರೆ. ಬರೀ 13 ಅಂತ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ.

ಹೊತ್ತಿಗೂ ಹಾಗೇ. 5.30 ಅಂತ ಬರೆದರೆ ಮಾಮೂಲಿ ದಿನ ಯಾರಿಗೂ ಗೊಂದಲ ಇಲ್ಲ. ಆದರೆ ಮುಂದೆ ಹೋದ ಕ್ಲಾಸ್ ಮಾಮೂಲಿ ಹೊತ್ತಿನಲ್ಲಿ ಇರುವುದಿಲ್ಲ, ಹಾಗಾಗಿ ಬೆಳಿಗ್ಗೆಯೋ ಸಂಜೆಯೋ ಅಂತ ಬರೆಯಲೇಬೇಕು.

ಈಗ ದೊಡ್ಡ ವಿಷಯ. ಮುಷ್ಕರದ ರಾತ್ರಿ ಮಕ್ಕಳಿಗೂ ಅವರ ಮನೆಯವರಿಗೂ ಬೇಕಾದದ್ದು ಒಂದೇ ಉತ್ತರ, ಮನೆಯಿಂದ ಹೊರಡಬೇಕಾ ಬೇಡ್ವಾ. ತಪ್ಪಿದ ಪಾಠ ಯಾವಾಗ ಅನ್ನುವುದು ಅವರ ತಲೆಯಲ್ಲಿ ಆಗ ಇರುವುದೇ ಇಲ್ಲ, ಮತ್ತೆ ನಿಜ ಹೇಳಬೇಕು ಅಂದರೆ ಆ ಹೊತ್ತಿಗೆ ನಿಮಗೂ ಗೊತ್ತಿರುವುದಿಲ್ಲ. ಮುಷ್ಕರ ಒಂದು ದಿನವೋ ನಾಲ್ಕು ದಿನವೋ ಯಾರಿಗೆ ಗೊತ್ತು? ಆದರೂ ಕ್ಲಾಸ್ ತಪ್ಪಿಸಿದೆವು ಅನ್ನುವ ಸಂಕೋಚಕ್ಕೆ, ಪೋಷಕರು ಏನಂದುಕೊಳ್ಳುತ್ತಾರೋ ಅನ್ನುವ ಭಯಕ್ಕೆ, ಅವಸರದಲ್ಲಿ ಒಂದು ಭಾನುವಾರ ಹೆಸರಿಸಿಬಿಡುತ್ತೇವೆ. ಮುಷ್ಕರ ಇನ್ನೊಂದು ದಿನ ಮುಂದುವರಿದರೆ ಆ ಭಾನುವಾರ ಬದಲಾಗುತ್ತದೆ, ಹಳೇ ಮೆಸೇಜ್ ಫಾರ್ವರ್ಡ್ ಆಗಿ ಎಲ್ಲೆಲ್ಲೋ ಓಡಾಡುತ್ತಿರುತ್ತದೆ, ಆಮೇಲೆ ಯಾವುದು ನಿಜ ಅಂತ ಫೋನ್ ಶುರು. ಅದಕ್ಕೇ ನಾನು ಎರಡು ನೋಟಿಸ್ ಕಳಿಸಿ ಅನ್ನುತ್ತೇನೆ. ಮೊದಲನೆಯದು ರಾತ್ರಿಯೇ, ಬರೀ ಕ್ಲಾಸ್ ಇಲ್ಲ ಅನ್ನುವುದಕ್ಕೆ. ಎರಡನೆಯದು ಬಸ್ ಓಡಲು ಶುರುವಾದ ಮೇಲೆ, ಯೋಜನೆ ಪೂರ್ತಿ ಕೈಯಲ್ಲಿ ಇರುವಾಗ. ಎರಡನ್ನೂ ಜೋಡಿಸುವುದು ಒಂದು ಸಾಲು. ಮುಂದಿನ ಸುದ್ದಿ ಯಾವತ್ತು, ಎಷ್ಟು ಗಂಟೆಗೆ ಅನ್ನುವ ಸಾಲು.

ನಿಮ್ಮ ಬ್ಯಾಚನ್ನೇ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಕ್ಲಾಸ್ ಸೋಮ, ಬುಧ, ಶುಕ್ರ ಸಂಜೆ 5.30ರಿಂದ 7.30 ಅಂತಿಟ್ಟುಕೊಳ್ಳಿ. ಮಂಗಳವಾರ ನವೆಂಬರ್ 11ರ ರಾತ್ರಿ 9 ಗಂಟೆಗೆ ಸುದ್ದಿ ಬಂತು, ಬುಧವಾರ ಬೆಳಿಗ್ಗೆಯಿಂದ ಬಸ್ ಇಲ್ಲ. ಮೊದಲ ನೋಟಿಸ್ ಹೀಗಿರಲಿ.

> ನೋಟಿಸ್ 1. ಗಣಿತ, ಸಂಜೆ ಬ್ಯಾಚ್.
> ನವೆಂಬರ್ 12, ಬುಧವಾರ ಸಂಜೆ 5.30ರ ಕ್ಲಾಸ್ ಇರುವುದಿಲ್ಲ. ಬಸ್ ಮುಷ್ಕರ ಇರುವುದರಿಂದ ಯಾರೂ ಹೊರಡಬೇಡಿ, ಕ್ಲಾಸ್ ಬಾಗಿಲು ತೆರೆದಿರುವುದಿಲ್ಲ.
> ಶುಕ್ರವಾರ, ನವೆಂಬರ್ 14ರ ಕ್ಲಾಸ್ ಇದೆಯೋ ಇಲ್ಲವೋ ಅನ್ನುವುದನ್ನು ಗುರುವಾರ ಸಂಜೆ 6 ಗಂಟೆಗೆ ಇಲ್ಲೇ ತಿಳಿಸುತ್ತೇನೆ.
> ತಪ್ಪಿದ ಪಾಠ ಪೂರ್ತಿ ಮಾಡಿಕೊಡುತ್ತೇನೆ, ದಿನ ಆಮೇಲೆ ಹೇಳುತ್ತೇನೆ. ಓದಿದವರು ಥಮ್ಸ್ ಅಪ್ ಹಾಕಿ.

ಇಷ್ಟೇ. ಮುಷ್ಕರ ಯಾಕೆ, ಯಾರದು ಸರಿ, ‘ಅನಿವಾರ್ಯ ಕಾರಣಗಳಿಂದ’, ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’, ಇದ್ಯಾವುದೂ ಬೇಡ. ‘ಪ್ರಿಯ ವಿದ್ಯಾರ್ಥಿಗಳೇ ಮತ್ತು ಪೋಷಕರೇ’ ಅಂತ ಶುರು ಮಾಡುವುದನ್ನೂ ನಾನು ಬಿಟ್ಟಿದ್ದೇನೆ, ಮರ್ಯಾದೆ ಕಡಿಮೆ ಆಗಲಿ ಅಂತಲ್ಲ. ಫೋನಿನ ಮೇಲ್ಗಡೆ ಮಿಂಚಿ ಹೋಗುವ ನೋಟಿಫಿಕೇಶನ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಆ ಜಾಗವನ್ನು ನಮಸ್ಕಾರವೇ ತಿಂದುಬಿಟ್ಟರೆ ‘ಕ್ಲಾಸ್ ಇಲ್ಲ’ ಅನ್ನುವುದು ತೆರೆದು ಓದಿದವರಿಗೆ ಮಾತ್ರ ಸಿಗುತ್ತದೆ. ಬ್ಯಾಚ್ ಹೆಸರು ಮಾತ್ರ ಮೊದಲಿಗೇ ಬೇಕು. ನಿಮ್ಮ ನೋಟಿಸ್ ನಿಮ್ಮ ಗ್ರೂಪ್‌ನಲ್ಲೇ ಉಳಿಯುವುದಿಲ್ಲ, ಬೆಳಗಿನ ಬ್ಯಾಚ್‌ನ ಗೆಳೆಯನಿಗೆ ಹೋಗಿ ಅವನೂ ಕ್ಲಾಸ್ ಇಲ್ಲ ಅಂತ ಮನೆಯಲ್ಲೇ ಕೂತಿರುತ್ತಾನೆ.

‘ಬರೋಕೆ ಆಗುವವರು ಬನ್ನಿ’ ಅಂತ ಬರೆಯುವ ಆಸೆ ಬರುತ್ತದೆ, ಬರೆಯಬೇಡಿ. ನಡೆದು ಬರುವಷ್ಟು ಹತ್ತಿರ ಇರುವ 12 ಮಕ್ಕಳು ಬರುತ್ತಾರೆ, ನೀವು ಪಾಠ ಮಾಡುತ್ತೀರಿ. ಮುಂದಿನ ಕ್ಲಾಸ್‌ನಲ್ಲಿ 24 ಜನರಿಗೆ ಅದನ್ನೇ ಮತ್ತೆ ಹೇಳಬೇಕು, ಆ 12 ಜನ ಆಕಳಿಸುತ್ತಾ ಕೂತಿರುತ್ತಾರೆ. ಹೇಳದೆ ಮುಂದೆ ಹೋದರಂತೂ ದೂರದಿಂದ ಬರುವ ಮಕ್ಕಳಿಗೆ ಅದು ಶಿಕ್ಷೆ ಆಗುತ್ತದೆ. ತೆರೆಯಲೇಬೇಕು ಅನ್ನಿಸಿದರೆ ಸ್ಪಷ್ಟವಾಗಿ ಬರೆಯಿರಿ, ‘ಬಾಗಿಲು ತೆರೆದಿರುತ್ತೆ, ಲೆಕ್ಕ ಬಿಡಿಸಬಹುದು, ಡೌಟ್ ಕೇಳಬಹುದು, ಹೊಸ ಪಾಠ ಇಲ್ಲ, ಹಾಜರಿ ಇಲ್ಲ.’ ಹಾಜರಿ ಇಲ್ಲ ಅನ್ನುವ ಮಾತು ಬಿಟ್ಟರೆ ಯಾರಾದರೂ ಒಬ್ಬ ಹುಡುಗ ಹಾಜರಿಗೋಸ್ಕರ ಯಾವುದೋ ಲಾರಿ ಹತ್ತಿ ಬರುತ್ತಾನೆ.

ನಿರ್ಧಾರ ಯಾವಾಗ ಮಾಡಬೇಕು ಅನ್ನುವುದಕ್ಕೆ ಒಂದು ಅಳತೆ ಇಟ್ಟುಕೊಳ್ಳಿ. ಕ್ಲಾಸ್ ಶುರುವಾಗುವ ಹೊತ್ತಿನಿಂದ ಅಲ್ಲ, ಅತಿ ದೂರದ ಮಗು ಮನೆ ಬಿಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. 5.30ರ ಕ್ಲಾಸ್‌ಗೆ ಒಬ್ಬಳು 4 ಗಂಟೆಗೆ ಹೊರಡುತ್ತಾಳೆ ಅಂದರೆ, ಅದಕ್ಕೆ ಮೂರು ಗಂಟೆ ಮುಂಚೆ, ಅಂದರೆ ಮಧ್ಯಾಹ್ನ 1 ಗಂಟೆಗೆ ನೋಟಿಸ್ ಹೋಗಿರಬೇಕು. ಆ ಮೂರು ಗಂಟೆ ಓದದೆ ಉಳಿದವರಿಗೆ ಫೋನ್ ಮಾಡುವುದಕ್ಕೆ. ಬೆಳಿಗ್ಗೆ 6ರ ಬ್ಯಾಚ್ ಆದರೆ ಲೆಕ್ಕ ಬೇರೆ. ಹಿಂದಿನ ರಾತ್ರಿ 9 ದಾಟಿದ ಮೇಲೆ ನೋಟಿಸ್ ಹಾಕಿದರೆ ಅರ್ಧ ಜನಕ್ಕೆ ಅದು ಸಿಕ್ಕಿಲ್ಲ ಅಂತಲೇ ತಿಳಿಯಿರಿ. ಮುಷ್ಕರ ಕೊನೇ ಗಳಿಗೆಯಲ್ಲಿ ಕೈಬಿಡಬಹುದು ಅನ್ನುವ ಸುದ್ದಿ ಇದ್ದರೂ ಕಾಯಬೇಡಿ. ಒಂದು ಸಲ ಇಲ್ಲ ಅಂದ ಕ್ಲಾಸನ್ನು ಅದೇ ದಿನ ‘ಇದೆ’ ಅನ್ನಬೇಡಿ. ಬಸ್ ಓಡುತ್ತದೆ, ಮಕ್ಕಳು ಬರುವುದಿಲ್ಲ.

ನಿಮ್ಮಲ್ಲಿ ಬಂದ ಆ 9 ಜನರ ಕಥೆಗೆ ಈಗ ಬರುತ್ತೇನೆ. ಗ್ರೂಪ್‌ನಲ್ಲಿ ಹಾಕುವುದು ಅಂದರೆ ತಿಳಿಸಿದ ಹಾಗಲ್ಲ. ವಾಟ್ಸಾಪ್‌ನಲ್ಲಿ ನಿಮ್ಮ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರು ಓದಿದ್ದಾರೆ, ಯಾರ ಫೋನಿಗೆ ತಲುಪಿದೆ ಅಂತ ಹೆಸರಿನ ಸಮೇತ ಸಿಗುತ್ತದೆ. ನೀಲಿ ಗೆರೆ ಆಫ್ ಮಾಡಿಕೊಂಡವರದೂ ಗ್ರೂಪ್‌ನಲ್ಲಿ ಕಾಣುತ್ತದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ರಾತ್ರಿ ನೋಟಿಸ್ ಹಾಕಿ, ಬುಧವಾರ ಮಧ್ಯಾಹ್ನ ಈ ಪಟ್ಟಿ ನೋಡಿ. 36ರಲ್ಲಿ 27 ಜನ ಓದಿದ್ದಾರೆ ಅಂದರೆ ಉಳಿದ 9 ಜನ ಯಾರು ಅಂತ ಅಲ್ಲೇ ಇದೆ. ಅವರಿಗೆ, ಇನ್ನೂ ಒಳ್ಳೆಯದು ಅವರ ಮನೆಯವರಿಗೆ, ಫೋನ್ ಮಾಡಿ. ಒಂಬತ್ತು ಫೋನ್‌ಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆವತ್ತು ಬಾಗಿಲ ಮುಂದೆ ನಿಂತವರೂ 9 ಜನ ಅಂದಿರಿ. ಆ ಪಟ್ಟಿ ತೆಗೆದು ನೋಡಿ, ಬಹುಪಾಲು ಅದೇ ಹೆಸರುಗಳು ಇರುತ್ತವೆ.

ಇನ್ನೊಂದು ಸಣ್ಣ ಬಲೆ ಇದೆ. ತಪ್ಪು ಕಂಡರೆ ಮೆಸೇಜನ್ನು ಎಡಿಟ್ ಮಾಡಬಹುದು, ವಾಟ್ಸಾಪ್ ಅದಕ್ಕೆ 15 ನಿಮಿಷ ಕೊಡುತ್ತದೆ. ಆದರೆ ಎಡಿಟ್ ಮಾಡಿದರೆ ಯಾರ ಫೋನೂ ಮತ್ತೆ ಸದ್ದು ಮಾಡುವುದಿಲ್ಲ. ಮೊದಲೇ ಓದಿದವರ ತಲೆಯಲ್ಲಿ ಹಳೇ ತಾರೀಖೇ ಉಳಿಯುತ್ತದೆ. ಕಾಗುಣಿತ ತಿದ್ದುವುದಕ್ಕೆ ಎಡಿಟ್ ಸರಿ, ತಾರೀಖು ಅಥವಾ ಹೊತ್ತು ತಪ್ಪಿದ್ದರೆ ಹಳೆಯದನ್ನು ಎಲ್ಲರಿಗೂ ಅಳಿಸಿ, ಹೊಸದಾಗಿ ‘ನೋಟಿಸ್ 1, ತಿದ್ದಿದ್ದು’ ಅಂತ ಹಾಕಿ. ನಂಬರ್ ಕೊಡುವುದೂ ಅದಕ್ಕೇ. ಫಾರ್ವರ್ಡ್ ಆದ ಎರಡು ನೋಟಿಸ್ ಕೈಗೆ ಬಂದರೆ ಯಾವುದು ಹೊಸದು ಅಂತ ಗೊತ್ತಾಗಬೇಕು. ನೋಟಿಸ್ ಹಾಕಿದ ಕೂಡಲೇ ಅಡ್ಮಿನ್ ಮಾತ್ರ ಬರೆಯುವ ಹಾಗೆ ಗ್ರೂಪ್ ಸೆಟ್ಟಿಂಗ್ ಬದಲಿಸಿ, ಮೆಸೇಜನ್ನು ಪಿನ್ ಮಾಡಿ. ಇಲ್ಲವಾದರೆ ‘ಓಕೆ ಸರ್’, ‘ಥ್ಯಾಂಕ್ಯೂ ಸರ್’ ಅಂತ ಮೂವತ್ತು ಮೆಸೇಜ್ ಬಂದು ನೋಟಿಸ್ ಮೇಲೆ ಹೋಗಿ ಕಾಣೆಯಾಗುತ್ತದೆ.

ಬಿರುಗಾಳಿ ಆದರೆ ಈ ಪೂರ್ತಿ ವ್ಯವಸ್ಥೆ ಕುಸಿಯಬಹುದು. ಕರೆಂಟ್ ಇಲ್ಲ, ಇಂಟರ್ನೆಟ್ ಇಲ್ಲ, ಫೋನ್ ಚಾರ್ಜ್ ಇಲ್ಲ. ಡೇಟಾ ನಿಂತರೂ ಎಸ್ಸೆಮ್ಮೆಸ್ ಕೆಲವು ಸಲ ಹೋಗುತ್ತದೆ, ಅದಕ್ಕೊಂದು ಚಿಕ್ಕ ರೂಪ ಮೊದಲೇ ಬರೆದಿಟ್ಟುಕೊಳ್ಳಿ. ಕನ್ನಡದ ಒಂದು ಎಸ್ಸೆಮ್ಮೆಸ್‌ಗೆ 70 ಚಿಹ್ನೆ ಮಾತ್ರ ಹಿಡಿಯುತ್ತದೆ, ಅದು ದಾಟಿದರೆ ಎರಡು ತುಂಡಾಗುತ್ತದೆ, ಕೆಟ್ಟ ನೆಟ್‌ವರ್ಕ್‌ನಲ್ಲಿ ಒಂದು ತುಂಡು ಬಂದು ಇನ್ನೊಂದು ಬರದೇ ಹೋಗಬಹುದು. ಇಲ್ಲಿ ಚಿಹ್ನೆ ಅಂದರೆ ನಾವು ಎಣಿಸುವ ಅಕ್ಷರ ಅಲ್ಲ, ಒತ್ತು, ಗುಣಿತ, ಸೊನ್ನೆ ಎಲ್ಲ ಬೇರೆ ಬೇರೆ ಲೆಕ್ಕ. ‘ಕ್ಲಾಸ್’ ಅನ್ನುವ ಎರಡಕ್ಷರವೇ ಆರು ಚಿಹ್ನೆ ತಿನ್ನುತ್ತದೆ. ಹಾಗಾಗಿ ಇಷ್ಟಕ್ಕೆ ನಿಲ್ಲಿಸಿ.

> ಬುಧ 12 ಸಂಜೆ ಗಣಿತ ಕ್ಲಾಸ್ ಇಲ್ಲ. ಮುಂದಿನ ಸುದ್ದಿ ಗುರುವಾರ ಸಂಜೆ 6ಕ್ಕೆ.

ಇದು ಸ್ಪೇಸ್, ಚುಕ್ಕೆ ಎಲ್ಲ ಸೇರಿ 63, ಒಂದೇ ತುಂಡಿನಲ್ಲಿ ಹೋಗುತ್ತದೆ. ಕ್ಲಾಸ್ ನಡೆಯುತ್ತಿರುವಾಗಲೇ ಗಾಳಿ ಎದ್ದರೆ ನೋಟಿಸ್ ಪೋಷಕರಿಗೆ, ಮತ್ತು ಅದರ ಮೊದಲ ಮಾತು ‘ಮಕ್ಕಳು ಕ್ಲಾಸ್ ಒಳಗೇ ಇದ್ದಾರೆ, ಎಷ್ಟು ಜನ ಇದ್ದಾರೆ’ ಅನ್ನುವುದು. ಗಾಳಿ ನಿಂತ ಮೇಲೂ ರಸ್ತೆಯಲ್ಲಿ ಮರ ಬಿದ್ದಿರುತ್ತದೆ, ತಂತಿ ನೇತಾಡುತ್ತಿರುತ್ತದೆ, ಅದಕ್ಕೇ ಬಿರುಗಾಳಿಯ ಮಾರನೇ ದಿನದ ಕ್ಲಾಸ್ ಬಗ್ಗೆ ಹಿಂದಿನ ರಾತ್ರಿ ಯಾವ ಭರವಸೆಯನ್ನೂ ಕೊಡಬೇಡಿ.

ನಮ್ಮ ಲೆಕ್ಕಕ್ಕೆ ವಾಪಸ್. ಗುರುವಾರ ಸಂಜೆ 6ಕ್ಕೆ ಮುಷ್ಕರ ಇನ್ನೂ ಮುಗಿದಿಲ್ಲ. ನೀವು ಹೇಳಿದ ಹೊತ್ತಿಗೆ ಸರಿಯಾಗಿ ನೋಟಿಸ್ 2 ಹಾಕುತ್ತೀರಿ, ‘ನವೆಂಬರ್ 14, ಶುಕ್ರವಾರದ ಕ್ಲಾಸೂ ಇಲ್ಲ, ಮುಂದಿನ ಸುದ್ದಿ ಶನಿವಾರ ಸಂಜೆ 6ಕ್ಕೆ.’ ಹೊಸದು ಏನೂ ಇಲ್ಲದಿದ್ದರೂ ಆ 6 ಗಂಟೆ ತಪ್ಪಿಸಬೇಡಿ. ಒಂದು ಸಲ ತಪ್ಪಿಸಿದರೆ ಮುಂದೆ ನೀವು ಕೊಟ್ಟ ಹೊತ್ತಿಗೆ ಯಾರೂ ಕಾಯುವುದಿಲ್ಲ, ಎಲ್ಲರೂ ನೇರ ಫೋನ್ ಮಾಡುತ್ತಾರೆ. ಶನಿವಾರ ಮಧ್ಯಾಹ್ನ ಬಸ್ ಶುರುವಾಯಿತು. ಹೋದದ್ದು ಎರಡು ಕ್ಲಾಸ್, ನಾಲ್ಕು ಗಂಟೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ನಾಲ್ಕು ಗಂಟೆಗೆ ಜಾಗ ಹುಡುಕುವುದು. ಹುಡುಕಬೇಕಾದದ್ದು ಪಾಠದ ಸರದಿಗೆ. ನಾನು ಪ್ರತಿ ಕ್ಲಾಸ್‌ಗೂ ಕೋರ್ಸ್ ಶುರುವಿನಲ್ಲೇ ನಂಬರ್ ಹಾಕಿಬಿಡುತ್ತೇನೆ. ನಿಮ್ಮ ಬ್ಯಾಚ್ ಇಂಟಿಗ್ರೇಶನ್ ಮಾಡುತ್ತಿದೆ ಅಂದುಕೊಳ್ಳಿ. ಬುಧವಾರ ಆಗಬೇಕಿದ್ದದ್ದು ಕ್ಲಾಸ್ 22, ಸಬ್‌ಸ್ಟಿಟ್ಯೂಶನ್. ಶುಕ್ರವಾರ ಕ್ಲಾಸ್ 23, ಪಾರ್ಶಿಯಲ್ ಫ್ರಾಕ್ಷನ್. ಸೋಮವಾರ 17ಕ್ಕೆ ಕ್ಲಾಸ್ 24, ಬೈ ಪಾರ್ಟ್ಸ್. ಬುಧವಾರ 19ಕ್ಕೆ ಕ್ಲಾಸ್ 25, ಡೆಫಿನಿಟ್ ಇಂಟಿಗ್ರಲ್. ಶುಕ್ರವಾರ 21ಕ್ಕೆ ಕ್ಲಾಸ್ 26, ಬರೀ ಲೆಕ್ಕ ಬಿಡಿಸುವುದು. ಭಾನುವಾರ 23ರ ಬೆಳಿಗ್ಗೆ 10ರಿಂದ 12 ಟೆಸ್ಟ್.

ಈಗ ಸೋಮವಾರ ಕ್ಯಾಲೆಂಡರ್‌ನಲ್ಲಿ ಇರುವ ಹಾಗೆ ಬೈ ಪಾರ್ಟ್ಸ್ ಶುರು ಮಾಡಿ, ಸಬ್‌ಸ್ಟಿಟ್ಯೂಶನ್ ಅನ್ನು ಮುಂದಿನ ಭಾನುವಾರ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಬೈ ಪಾರ್ಟ್ಸ್ ಲೆಕ್ಕಗಳಲ್ಲಿ ಅರ್ಧ ದಾರಿಯಲ್ಲಿ ಸಬ್‌ಸ್ಟಿಟ್ಯೂಶನ್ ಬರುತ್ತಲೇ ಇರುತ್ತದೆ. ಎರಡರ ನಡುವೆ ಪಾರ್ಶಿಯಲ್ ಫ್ರಾಕ್ಷನ್ ಮಾತ್ರ ಸ್ವಲ್ಪ ಹಿಂದೆ ಮುಂದೆ ಆದರೆ ತೊಂದರೆ ಇಲ್ಲ, ಅದಕ್ಕೆ ಬೈ ಪಾರ್ಟ್ಸ್ ಬೇಕಾಗಿಲ್ಲ, ಬೈ ಪಾರ್ಟ್ಸ್‌ಗೆ ಅದು ಅಷ್ಟಾಗಿ ಬೇಕಾಗಿಲ್ಲ. ಹೀಗೆ ಯಾವುದು ಯಾವುದಕ್ಕೆ ಕಟ್ಟಿಕೊಂಡಿದೆ ಅಂತ ನೋಡಿದಾಗ ಉತ್ತರ ತಾನಾಗೇ ಬರುತ್ತದೆ. ತಪ್ಪಿದ ಪಾಠವನ್ನು ಬೇರೆ ದಿನಕ್ಕೆ ಎತ್ತಿ ಹಾಕುವ ಬದಲು ಸರಪಳಿಯನ್ನೇ ಪೂರ್ತಿ ಮುಂದಕ್ಕೆ ತಳ್ಳಬೇಕು. ಸೋಮವಾರ 17ಕ್ಕೆ ಕ್ಲಾಸ್ 22, ಬುಧವಾರ 19ಕ್ಕೆ 23, ಶುಕ್ರವಾರ 21ಕ್ಕೆ 24. ಆಮೇಲೆ ಬೇಕಾದ ಹೆಚ್ಚಿನ ದಿನಗಳನ್ನು ಸರಪಳಿಯ ಕೊನೆಗೆ ಸೇರಿಸಬೇಕು.

ಆ ಹೆಚ್ಚಿನ ದಿನ ಎಲ್ಲಿಂದ? ಮಕ್ಕಳ ಕ್ಯಾಲೆಂಡರ್‌ನಲ್ಲಿ ಈಗಾಗಲೇ ನಿಮ್ಮದಾಗಿರುವ ಜಾಗವನ್ನು ಮೊದಲು ಹುಡುಕಿ. ಭಾನುವಾರ 23ರ ಟೆಸ್ಟ್ ಹೊತ್ತು ಅಂಥದ್ದು. ಪಾಠವೇ ಆಗದೆ ಆ ಟೆಸ್ಟ್ ಹೇಗೂ ನಡೆಯುವಂತಿಲ್ಲ, ಅದು 30ಕ್ಕೆ ಹೋಗಲಿ. ಎಲ್ಲರೂ ಆ ಬೆಳಿಗ್ಗೆಯನ್ನು ನಿಮಗಾಗಿ ಬಿಟ್ಟಿಟ್ಟಿದ್ದಾರೆ, ಮನೆಯಲ್ಲಿ ಹೇಳಿಯಾಗಿದೆ, ಅಲ್ಲಿ ಕ್ಲಾಸ್ 25 ಹಾಕಿದರೆ ಬರುವವರ ಸಂಖ್ಯೆ ಬೇರೆ ಯಾವ ಭಾನುವಾರಕ್ಕಿಂತ ಜಾಸ್ತಿ ಇರುತ್ತದೆ. ಸೋಮವಾರ 24ಕ್ಕೆ ಕ್ಲಾಸ್ 26. ಮೊದಲಿನ ಲೆಕ್ಕದ ಪ್ರಕಾರ ಅವತ್ತು 27 ಆಗಬೇಕಿತ್ತು, ಅಂದರೆ ಇನ್ನೂ ಒಂದು ಕ್ಲಾಸ್ ಸಾಲ ಉಳಿದಿದೆ.

ಆ ಒಂದನ್ನು ತೀರಿಸುವುದಕ್ಕೆ ‘ದಿನಾ ಅರ್ಧ ಗಂಟೆ ಜಾಸ್ತಿ ಕೂರೋಣ, ನಾಲ್ಕು ದಿನಕ್ಕೆ ಎರಡು ಗಂಟೆ ಆಯ್ತಲ್ಲ’ ಅನ್ನುವವರು ತುಂಬಾ ಜನ. ಕಾಗದದ ಮೇಲೆ ಅದು ಎರಡು ಗಂಟೆ. ನನ್ನ ಅನುಭವದಲ್ಲಿ ಏಳೂವರೆ ದಾಟಿದ ಮೇಲಿನ ಅರ್ಧ ಗಂಟೆಯಲ್ಲಿ ಮೊದಲ ಐದು ನಿಮಿಷ ಬ್ಯಾಗ್ ಮುಚ್ಚಿದವರು ಮತ್ತೆ ತೆರೆಯುವುದಕ್ಕೆ, ಕೊನೇ ಹತ್ತು ನಿಮಿಷ ಬಸ್ ಹೊತ್ತಾಯ್ತು ಅಂತ ಒಬ್ಬೊಬ್ಬರೇ ಏಳುವುದಕ್ಕೆ. ಸಿಗುವುದು ಹದಿನೈದು ನಿಮಿಷ, ಅದೂ ದೂರದವರನ್ನು ಬಿಟ್ಟು. ಶುಕ್ರ, ಶನಿ, ಭಾನು ಮೂರು ದಿನ ಒಟ್ಟೊಟ್ಟಿಗೆ ಹಾಕುವುದೂ ಬೇಡ, ಗಣಿತದಲ್ಲಿ ಒಂದು ಪಾಠ ಮತ್ತು ಇನ್ನೊಂದರ ನಡುವೆ ಮನೆಯಲ್ಲಿ ಹತ್ತು ಲೆಕ್ಕ ಮಾಡಲು ಒಂದು ರಾತ್ರಿಯಾದರೂ ಪೂರ್ತಿ ಬೇಕು. ಅವಸರ ಇಲ್ಲದ ಸಾಲ ಇದು. ಡಿಸೆಂಬರ್ 6, ಶನಿವಾರ ಸಂಜೆ ಇಟ್ಟುಕೊಳ್ಳಿ. ಮೂರು ವಾರ ಮುಂಚೆ ಹೇಳಿದಂತಾಯಿತು.

ನೋಟಿಸ್ ಹಾಕುವ ಮುಂಚೆ ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ. ಒಂದು ಕೋಣೆ. ನಿಮ್ಮದು ಒಂದೇ ಹಾಲ್ ಆಗಿದ್ದರೆ, ಬೇರೆ ಬ್ಯಾಚ್‌ಗಳೂ ಅದೇ ಮುಷ್ಕರದಲ್ಲಿ ಕ್ಲಾಸ್ ಕಳೆದುಕೊಂಡಿವೆ, ಅವಕ್ಕೂ ಭಾನುವಾರವೇ ಕಾಣುತ್ತದೆ. ನಾವು ಹೀಗೇ ಒಂದು ಸಲ ಎರಡು ಬ್ಯಾಚನ್ನು ಒಂದೇ ಹಾಲ್‌ಗೆ ಕರೆದು, ಮಕ್ಕಳು ಮೆಟ್ಟಿಲ ಮೇಲೆಲ್ಲ ಕೂತಿದ್ದರು. ಎಲ್ಲ ಬ್ಯಾಚ್‌ಗಳ ಸಾಲವನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಂಡು ಆಮೇಲೆ ದಿನ ಹಂಚಿ. ಇನ್ನೊಂದು ಮಕ್ಕಳ ಬೇರೆ ಪರೀಕ್ಷೆ. ಇದಕ್ಕೆ ಗ್ರೂಪ್‌ನಲ್ಲಿ ಪೋಲ್ ಹಾಕಿ, ಆದರೆ ‘ಯಾವತ್ತು ಆಗುತ್ತೆ’ ಅಂತ ಕೇಳಬೇಡಿ. ಹಾಗೆ ಕೇಳಿದರೆ 36 ಜನರಿಂದ 36 ಉತ್ತರ ಬರುತ್ತದೆ, ಸೋತವರಿಗೆ ಬೇಸರ. ‘ಡಿಸೆಂಬರ್ 6 ಶನಿವಾರ ಸಂಜೆ 5.30, ಯಾರಿಗೆ ಪರೀಕ್ಷೆ ಅಥವಾ ಬೇರೆ ಕ್ಲಾಸ್ ಇದೆ?’ ಅಂತ ಕೇಳಿ. ಅಡ್ಡಿ ಇರುವವರು ಮಾತ್ರ ಒತ್ತುತ್ತಾರೆ. ನಾಲ್ಕೈದು ಜನ ಇದ್ದರೆ ಮುಂದುವರಿಯಿರಿ, ಹತ್ತು ದಾಟಿದರೆ ದಿನ ಬದಲಿಸಿ.

ಇಷ್ಟೆಲ್ಲ ಆದ ಮೇಲೆ ಶನಿವಾರ 15ರ ಸಂಜೆ 6ಕ್ಕೆ ಹೋಗುವ ನೋಟಿಸ್.

> ನೋಟಿಸ್ 3. ಗಣಿತ, ಸಂಜೆ ಬ್ಯಾಚ್. ಸೋಮವಾರ, ನವೆಂಬರ್ 17ರಿಂದ ಕ್ಲಾಸ್ ಮಾಮೂಲಿನಂತೆ, ಸಂಜೆ 5.30ಕ್ಕೆ.
> ಮುಷ್ಕರದಿಂದ ತಪ್ಪಿದ್ದು ಕ್ಲಾಸ್ 22 ಮತ್ತು 23, ಒಟ್ಟು 4 ಗಂಟೆ. ಪೂರ್ತಿ 4 ಗಂಟೆ ವಾಪಸ್ ಸಿಗುತ್ತದೆ, ಹೀಗೆ:
> ನಿಲ್ಲಿಸಿದ ಕಡೆಯಿಂದಲೇ ಶುರು. ಸೋಮ 17ಕ್ಕೆ ಕ್ಲಾಸ್ 22, ಬುಧ 19ಕ್ಕೆ 23, ಶುಕ್ರ 21ಕ್ಕೆ 24.
> ಭಾನುವಾರ, ನವೆಂಬರ್ 23, ಬೆಳಿಗ್ಗೆ 10ರಿಂದ 12: ಟೆಸ್ಟ್ ಇಲ್ಲ, ಅದೇ ಹೊತ್ತಿಗೆ ಕ್ಲಾಸ್ 25.
> ಟೆಸ್ಟ್ ಭಾನುವಾರ, ನವೆಂಬರ್ 30, ಬೆಳಿಗ್ಗೆ 10ರಿಂದ 12. ಪಾಠ ಅವೇ, 22ರಿಂದ 25.
> ಶನಿವಾರ, ಡಿಸೆಂಬರ್ 6, ಸಂಜೆ 5.30ರಿಂದ 7.30: ಒಂದು ಕ್ಲಾಸ್, ಎಂದಿನಂತೆ ಹಾಜರಿ ಇದೆ.
> ನವೆಂಬರ್ 23, ಡಿಸೆಂಬರ್ 6, ಈ ಎರಡು ಕ್ಲಾಸ್‌ನಲ್ಲಿ ಯಾವುದಕ್ಕಾದರೂ ಬರಲು ಆಗದವರು ನವೆಂಬರ್ 20, ಗುರುವಾರದೊಳಗೆ ನನಗೆ ನೇರವಾಗಿ ಮೆಸೇಜ್ ಮಾಡಿ. ಬೆಳಗಿನ ಬ್ಯಾಚ್‌ನಲ್ಲಿ ಅದೇ ಪಾಠಕ್ಕೆ ಕೂರಿಸುತ್ತೇನೆ.

ಇದರಲ್ಲಿ ‘ಎಕ್ಸ್‌ಟ್ರಾ ಕ್ಲಾಸ್’ ಎಲ್ಲೂ ಇಲ್ಲ, ನೋಡಿ. ನಿಮ್ಮ ಭಾನುವಾರಕ್ಕೆ 14 ಜನ ಬಂದದ್ದಕ್ಕೆ ಆ ಪದದ ಪಾಲು ದೊಡ್ಡದು ಅಂತ ನನ್ನ ಗುಮಾನಿ. ಮಕ್ಕಳ ಕಿವಿಗೆ ಎಕ್ಸ್‌ಟ್ರಾ ಅಂದರೆ ಹೋದರೆ ಹೋದೆ, ಬಿಟ್ಟರೆ ಬಿಟ್ಟೆ. ‘ಕ್ಲಾಸ್ 25, ಡೆಫಿನಿಟ್ ಇಂಟಿಗ್ರಲ್’ ಅಂದರೆ ಅದು ತಪ್ಪಿದರೆ 24 ಆದ ಮೇಲೆ 26ಕ್ಕೆ ಹಾರಬೇಕಲ್ಲ ಅಂತ ಅವರಿಗೇ ಅನ್ನಿಸುತ್ತದೆ.

ಗಂಟೆ ಲೆಕ್ಕವನ್ನು ಯಾಕೆ ಹಾಕಿದೆ ಅಂದರೆ ಫೀಸ್ ಮಾತು ಏಳದಿರಲಿ ಅಂತ. ಮುಷ್ಕರ ಆದ ವಾರ ಯಾರೂ ಕೇಳುವುದಿಲ್ಲ. ಎರಡು ತಿಂಗಳಾದ ಮೇಲೆ ಮುಂದಿನ ಕಂತು ಕಟ್ಟುವಾಗ ‘ಆಗ ಒಂದು ವಾರ ಕ್ಲಾಸೇ ಇರಲಿಲ್ಲ ಅಲ್ವಾ’ ಅಂತ ಶುರುವಾಗುತ್ತದೆ, ಆ ಹೊತ್ತಿಗೆ ನಿಮಗೂ ನೆನಪಿರುವುದಿಲ್ಲ. ಹೋದದ್ದು 4 ಗಂಟೆ, ವಾಪಸ್ ಬಂದದ್ದು 4 ಗಂಟೆ ಅಂತ ನೋಟಿಸ್‌ನಲ್ಲಿ ತಾರೀಖಿನ ಸಮೇತ ಇದ್ದರೆ ಅದನ್ನು ತೋರಿಸಿದರೆ ಮುಗಿಯಿತು. ಹಾಜರಿ ಪುಸ್ತಕದಲ್ಲೂ 12 ಮತ್ತು 14ರ ಕಾಲಂನಲ್ಲಿ ಗೈರು ಹಾಕಬೇಡಿ, ಗೆರೆ ಎಳೆದು ‘ಕ್ಲಾಸ್ ಇಲ್ಲ’ ಅಂತ ಬರೆಯಿರಿ. ಖಾಲಿ ಬಿಟ್ಟರೆ ತಿಂಗಳ ಕೊನೆಗೆ ಕೂಡುವಾಗ 36 ಮಕ್ಕಳೂ ಎರಡು ದಿನ ಗೈರು ಅಂತ ಬರುತ್ತದೆ.

ಆನ್‌ಲೈನ್ ಮಾಡಿಬಿಡಬಾರದಾ ಅಂತ ಕೇಳುವವರು ಇರುತ್ತಾರೆ. ನಿಮ್ಮ ಬ್ಯಾಚ್‌ಗೆ ಅದು ಮೊದಲೇ ಅಭ್ಯಾಸ ಇದ್ದರೆ ಮುಷ್ಕರದ ದಿನ ಮಾಡಬಹುದು, ಬಿರುಗಾಳಿಯ ದಿನ ಬೇಡ. ಅಭ್ಯಾಸ ಇಲ್ಲದಿದ್ದರೆ ಮೊದಲ ದಿನ ‘ಕೇಳಿಸ್ತಿಲ್ಲ ಸರ್’ ಅನ್ನುವುದರಲ್ಲೇ ಮುಗಿಯುತ್ತದೆ. ಸಬ್‌ಸ್ಟಿಟ್ಯೂಶನ್ ಥರದ ಹೊಸ ವಿಷಯವನ್ನಂತೂ ಹಾಗೆ ಶುರು ಮಾಡಬೇಡಿ, ಹಳೇ ಲೆಕ್ಕಗಳ ಡೌಟ್‌ಗೆ ಅದನ್ನು ಇಟ್ಟುಕೊಳ್ಳಿ.

ಕೊನೆಗೆ ಒಂದು ಕೆಲಸ ಈಗಲೇ ಮಾಡಿ, ಮುಷ್ಕರ ಇಲ್ಲದಿರುವಾಗ. ನೋಟಿಸ್ 1ರ ಪಠ್ಯವನ್ನು ತಾರೀಖಿನ ಜಾಗ ಖಾಲಿ ಬಿಟ್ಟು ಫೋನಿನಲ್ಲಿ ಇಟ್ಟುಕೊಳ್ಳಿ. 36 ಮಕ್ಕಳ ಜೊತೆಗೆ ಅವರ ಮನೆಯ ಒಂದೊಂದು ನಂಬರ್ ಹಾಳೆಯ ಮೇಲೆ ಬರೆದು, ಒಂದು ಪ್ರತಿ ಮನೆಯಲ್ಲೂ ಒಂದು ಕ್ಲಾಸ್‌ನಲ್ಲೂ ಇಡಿ. ಪ್ರತಿ ಹೆಸರಿನ ಮುಂದೆ ಅವರು ಎಷ್ಟು ಗಂಟೆಗೆ ಮನೆ ಬಿಡುತ್ತಾರೆ ಅಂತಲೂ ಕೇಳಿ ಬರೆದುಕೊಳ್ಳಿ. ಫೋನ್ ಮಾಡುವ ಪರಿಸ್ಥಿತಿ ಬಂದಾಗ ಹಾಜರಿ ಪುಸ್ತಕದ ಕ್ರಮದಲ್ಲಿ ಅಲ್ಲ, ಮೊದಲು ಹೊರಡುವವರಿಂದ ಶುರು ಮಾಡಬೇಕು.